ಮಾಸ್ಕ್ ಸರಿಯಾಗಿ ಕೂತರೆ ಮಾತ್ರ ಔಷಧಿ ಎದೆಗೆ

ಉಬ್ಬಸದ ಮೂರು ವರ್ಷದ ಮಗು ನೆಬ್ಯುಲೈಸರ್ ಸದ್ದಿಗೆ ಹೆದರಿ ಅತ್ತಾಗ ಅಮ್ಮ ಮಾಸ್ಕನ್ನು ಮುಖದಿಂದ ಎರಡು ಬೆರಳು ದೂರ ಹಿಡಿಯುತ್ತಾಳೆ. ಅಷ್ಟು ಸಂದಿನಲ್ಲೇ ಔಷಧಿಯ ಬಹುಪಾಲು ಗಾಳಿಪಾಲು. ಜೋರಾಗಿ ಅಳುವಾಗಲೂ ಅದು ಶ್ವಾಸಕೋಶಕ್ಕಿಳಿಯುವುದು ಕಡಿಮೆ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಸಮಾಧಾನಪಡಿಸಿ, ಮಕ್ಕಳ ಅಳತೆಯ ಮಾಸ್ಕನ್ನು ಮೂಗು, ಬಾಯಿ ಮುಚ್ಚುವಂತೆ ಕೆನ್ನೆಗೆ ತಾಗಿಸಿ ಹಿಡಿಯಿರಿ. ಮಂಜು ಕಣ್ಣಿನತ್ತ ನುಗ್ಗುತ್ತಿದ್ದರೆ ಮಾಸ್ಕ್ ಸರಿಯಾಗಿ ಕೂತಿಲ್ಲ.

ವೈದ್ಯರು 2.5 ಮಿಲಿಗ್ರಾಂ ಸಾಲ್ಬುಟಮಾಲ್ ಬರೆದಿದ್ದಾರೆ ಎನ್ನಿ. ಪ್ರತಿ ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ಬಾಟಲಿಯಾದರೆ ಅರ್ಧ ಮಿಲಿಲೀಟರನ್ನು ಸಿರಿಂಜಿನಲ್ಲಿ ಅಳೆದು, 2.5 ಮಿಲಿಲೀಟರ್ ನಾರ್ಮಲ್ ಸಲೈನ್ ಸೇರಿಸಬೇಕು. ಬಾಟಲಿಗಳ ಸಾಂದ್ರತೆ ಬೇರೆ ಬೇರೆ ಇರುತ್ತದೆ, ಲೇಬಲ್ ಓದದೆ ಹಾಕಬೇಡಿ. ಬರೀ ನೀರಂತೂ ಬೇಡವೇ ಬೇಡ, ಅದು ಶ್ವಾಸನಾಳವನ್ನು ಇನ್ನಷ್ಟು ಬಿಗಿಸಬಹುದು. ಬುಡೆಸೊನೈಡ್ ಕೂಡ ಬರೆದಿದ್ದರೆ ವೈದ್ಯರನ್ನು ಕೇಳಿ ಅದೇ ಕಪ್ಪಿನಲ್ಲಿ ಬೆರೆಸಬಹುದು. ಅದು ಸ್ಟೀರಾಯ್ಡ್, ಮುಗಿದ ಮೇಲೆ ಮಗುವಿನ ಮುಖ ಒರೆಸಿ, ಬಾಯಿ ಮುಕ್ಕಳಿಸಲು ಹೇಳಿ ಅಥವಾ ನೀರು ಕುಡಿಸಿ.

ಪ್ರತಿ ಸಲವೂ ಕಪ್ಪು, ಮಾಸ್ಕು ತೊಳೆದು ಗಾಳಿಗೆ ಒಣಗಲು ಬಿಡಿ. ಕೊಳವೆಗೆ ಮಾತ್ರ ನೀರು ತಾಗಿಸಬೇಡಿ.

ಔಷಧಿ ಕೊಟ್ಟರೂ ಪಕ್ಕೆಲುಬಿನ ಸಂದು ಒಳಕ್ಕೆ ಎಳೆಯುತ್ತಿದ್ದರೆ, ಮಾತಾಡಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ ಕಾಯದೆ ಆಸ್ಪತ್ರೆಗೆ ಹೊರಡಿ.