ಅಡುಗೆಮನೆಯ ಮೂರು ಬಣ್ಣ: ಇದರಲ್ಲಿ ನೀಲಿ ಎಲ್ಲಿದೆ?

ಒಂದು ಆದಿತ್ಯವಾರ ಅಸರ್ ನಮಾಝಿಗೆ ಮುಂಚೆ ನನ್ನ ನಾಲ್ಕು ವರ್ಷದ ಮಗಳು ಕೈತೊಳೆಯಲು ಹೋದವಳು ಕಿರುಚಿಕೊಂಡು ಓಡಿ ಬಂದಳು. ಅರಿಶಿನ ನೀರಿನಲ್ಲಿ ಚಿತ್ರ ಬಿಡಿಸಿ ಹಳದಿಯಾಗಿದ್ದ ಅವಳ ಅಂಗೈ ಸಾಬೂನು ತಾಗಿದ ಕೂಡಲೇ ಕೆಂಪಾಗಿತ್ತು. "ಉಮ್ಮಾ, ರಕ್ತ!" ಎಂದು ಅವಳು ಅಳುತ್ತಿದ್ದರೆ, ಅವಳ ಅಜ್ಜಿಯೂ ಒಂದು ಕ್ಷಣ ಗಾಬರಿಯಾದರು. ಧಾರಾಳ ನೀರು ಹಾಕಿ ತೊಳೆದ ಮೇಲೆ ಕೆಂಪು ಹೋಗಿ ಮತ್ತೆ ತಿಳಿ ಹಳದಿ ಉಳಿಯಿತು.

ಅರಿಶಿನ, ಬೀಟ್‌ರೂಟ್ ಮತ್ತು ಪಾಲಕ್ ಸೊಪ್ಪಿನಿಂದ ಬಣ್ಣ ಮಾಡಿ ಮಕ್ಕಳಿಗೆ ಕೊಡುವುದು ಈಗ ಅನೇಕ ಮನೆಗಳಲ್ಲಿ ನಡೆಯುತ್ತಿದೆ. ಬಣ್ಣದ ಕೈಯನ್ನು ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೆ ಇದು ಒಳ್ಳೆಯ ಉಪಾಯ. ಆದರೆ ಈ ಮೂರೂ ಬಣ್ಣಗಳಿಗೆ ಅವುಗಳದೇ ಆದ ಗುಣಗಳಿವೆ. ಅದನ್ನು ತಿಳಿಯದೆ ಮಾಡಿದರೆ ಬಣ್ಣವೂ ಸರಿ ಬರುವುದಿಲ್ಲ, ಮಗುವಿಗೆ ಹೇಳಿಕೊಟ್ಟ ಪಾಠವೂ ತಪ್ಪಾಗುತ್ತದೆ.

ಮೂರನ್ನು ತಯಾರಿಸುವುದು ಹೇಗೆ?

ಅರಿಶಿನದ ಹಳದಿಗೆ ಕಾರಣವಾದ ಕುರ್ಕುಮಿನ್ ತಣ್ಣೀರಿನಲ್ಲಿ ಕರಗುವುದು ತೀರಾ ಕಡಿಮೆ. ಹಾಗಾಗಿ ತಣ್ಣೀರಿಗೆ ಪುಡಿ ಹಾಕಿದರೆ ಅದು ತಳದಲ್ಲಿ ಕೂರುತ್ತದೆ, ಮೇಲಿನ ನೀರು ಪೇಲವವಾಗಿರುತ್ತದೆ. ಕಾಲು ಲೋಟ ಕುದಿಯುವ ನೀರಿಗೆ ಅರ್ಧ ಚಮಚ ಪುಡಿ ಹಾಕಿ ಕದಡಿ, ಹತ್ತು ನಿಮಿಷ ಮುಚ್ಚಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ. ಬಣ್ಣ ಹೆಚ್ಚು ಬಿಡಲೆಂದು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಲು ಹೇಳುವವರಿದ್ದಾರೆ. ಬಾಯಿಗೆ ಕೈ ಹಾಕುವ ಮಕ್ಕಳ ಆಟದಲ್ಲಿ ಅದು ಬೇಡವೇ ಬೇಡ. ಬಿಸಿನೀರಿನಲ್ಲಿ ಬಿಡುವ ಬಣ್ಣ ಕಾಗದಕ್ಕೆ ಸಾಕು.

ಬೀಟ್‌ರೂಟಿನ ಬಣ್ಣ ಇದಕ್ಕೆ ವಿರುದ್ಧ. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಆದರೆ ಬಿಸಿಯನ್ನು ತಾಳುವುದಿಲ್ಲ. ಹೆಚ್ಚು ಹೊತ್ತು ಕುದಿಸಿದರೆ ಕಂದು ಛಾಯೆಗೆ ತಿರುಗುತ್ತದೆ. ಆದ್ದರಿಂದ ಮಧ್ಯಮ ಗಾತ್ರದ ಅರ್ಧ ಬೀಟ್‌ರೂಟನ್ನು ತೊಳೆದು, ಸಿಪ್ಪೆ ತೆಗೆದು, ಹಸಿಯಾಗಿಯೇ ತುರಿದು, ಎರಡು ಚಮಚ ನೀರು ಚಿಮುಕಿಸಿ ಬಟ್ಟೆಯಲ್ಲಿ ಹಿಂಡಿ. ನಾಲ್ಕೈದು ಹನಿ ಲಿಂಬೆ ರಸ ಸೇರಿಸಿದರೆ ಬಣ್ಣ ಹೆಚ್ಚು ಹೊತ್ತು ನಿಲ್ಲುತ್ತದೆ.

ಪಾಲಕ್ ಎಲೆಗಳನ್ನು ಹಸಿಯಾಗಿ ಅರೆದರೆ ಹಸಿರು ಬೇಗ ಮಂಕಾಗುತ್ತದೆ. ಹದಿನೈದಿಪ್ಪತ್ತು ಎಲೆಗಳನ್ನು ಮಣ್ಣು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಕೂಡಲೇ ತಣ್ಣೀರಿಗೆ ಹಾಕಿ. ಆಮೇಲೆ ಮೂರ್ನಾಲ್ಕು ಚಮಚ ನೀರಿನೊಂದಿಗೆ ಅರೆದು ಸೋಸಿ. ಇದಕ್ಕೆ ಮಾತ್ರ ಲಿಂಬೆ ಹಾಕಬಾರದು. ಹುಳಿ ತಾಗಿದರೆ ಪಾಲಕಿನ ಹಸಿರು ಕಂದು ಮಿಶ್ರಿತ ಹಸಿರಾಗುತ್ತದೆ. ಹುಳಿ ಹಾಕಿದ ಸೊಪ್ಪಿನ ಸಾರಿನಲ್ಲಿ ನಾವು ದಿನಾ ಕಾಣುವುದು ಇದನ್ನೇ.

ಬೆರೆಸುವಾಗ ನಡೆಯುವುದೇನು?

ಬಿಳಿ ಪಿಂಗಾಣಿ ತಟ್ಟೆಯೊಂದನ್ನು ಇಡಿ. ಸ್ಟೀಲ್ ತಟ್ಟೆಯಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಔಷಧದ ಹಳೆಯ ಡ್ರಾಪರ್ ಚೆನ್ನಾಗಿ ತೊಳೆದಿದ್ದರೆ ಮಗುವಿನ ಬೆರಳಿಗೆ ಅದೇ ಹಿತ. ಮೊದಲು ಎರಡು ಚಮಚ ಅರಿಶಿನ ನೀರು, ಆಮೇಲೆ ಬೀಟ್‌ರೂಟ್ ರಸ ಹನಿಹನಿಯಾಗಿ. ಈ ಕ್ರಮ ಮುಖ್ಯ, ಏಕೆಂದರೆ ಬೀಟ್‌ರೂಟ್ ಬಹಳ ಗಾಢ. ಎರಡನ್ನೂ ಸಮಸಮ ಸುರಿದರೆ ಹಳದಿ ಪೂರ್ತಿ ಮುಳುಗಿಹೋಗುತ್ತದೆ. ಹನಿಗಳನ್ನು ಎಣಿಸುತ್ತಾ ಹಾಕಿಸಿದರೆ ಹಳದಿ ಮೊದಲು ಮಾಗಿದ ಮಾವಿನ ಬಣ್ಣಕ್ಕೆ, ಆಮೇಲೆ ಕಿತ್ತಳೆಗೆ, ಕೊನೆಗೆ ಕೆಂಪಿಗೆ ತಿರುಗುವುದನ್ನು ಮಗು ಹಂತಹಂತವಾಗಿ ನೋಡುತ್ತದೆ. ಎರಡು ಮೂಲ ಬಣ್ಣ ಸೇರಿ ಮೂರನೆಯದೊಂದು ಹುಟ್ಟುವುದು ಎಂದರೆ ಇದೇ.

ಪಾಲಕ್ ರಸಕ್ಕೆ ಅರಿಶಿನ ಸೇರಿಸಿದರೆ ಗಿಳಿ ಹಸಿರು ಬರುತ್ತದೆ. ಪಾಲಕ್ ರಸಕ್ಕೆ ಬೀಟ್‌ರೂಟ್ ಹಾಕಿದರೆ ನೇರಳೆ ಬಂದೀತು ಎಂದು ನನ್ನ ಹಿರಿಯ ಮಗ ಕಾದು ಕೂತಿದ್ದ. ಬಂದದ್ದು ಕೆಸರಿನಂಥ ಕಂದು. ಮಾಡಿದ್ದು ತಪ್ಪಾಯಿತೆಂದು ಅವನು ಚೆಲ್ಲಲು ಹೊರಟ. ತಪ್ಪು ಅವನದಲ್ಲ. ಹಸಿರಿನೊಳಗೆ ಆಗಲೇ ಹಳದಿಯೂ ನೀಲಿಯೂ ಇವೆ ಎಂದುಕೊಳ್ಳಿ. ಅದಕ್ಕೆ ಕೆಂಪು ಸೇರಿದರೆ ಮೂರೂ ಮೂಲ ಬಣ್ಣಗಳು ಒಂದೇ ಬಟ್ಟಲಿಗೆ ಬಿದ್ದಂತಾಯಿತು. ಮೂರೂ ಸೇರಿದಲ್ಲಿ ಕಂದು ಬಣ್ಣವೇ ಬರುವುದು.

ಅನೇಕರು ಎಡವುವುದು ಇಲ್ಲಿಯೇ. ಚಿತ್ರ ಬಿಡಿಸುವ ಮಕ್ಕಳಿಗೆ ನಾವು ಕಲಿಸುವ ಮೂಲ ಬಣ್ಣಗಳು ಕೆಂಪು, ಹಳದಿ, ನೀಲಿ. ಅರಿಶಿನ ಹಳದಿ ಕೊಟ್ಟಿತು. ಬೀಟ್‌ರೂಟ್ ಗುಲಾಬಿ ಛಾಯೆಯ ಕೆಂಪು ಕೊಟ್ಟಿತು. ಆದರೆ ಪಾಲಕ್ ಕೊಟ್ಟದ್ದು ಹಸಿರು, ಅಂದರೆ ಎರಡು ಬಣ್ಣ ಸೇರಿ ಹುಟ್ಟಬೇಕಾದದ್ದು. ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು "ಇವು ಮೂರು ಮೂಲ ಬಣ್ಣಗಳು" ಎಂದರೆ ಮಗು ತಪ್ಪು ಕಲಿಯುತ್ತದೆ. ಪಾಲಕ್ ಬಟ್ಟಲನ್ನು ಕಿತ್ತಳೆಯ ಪಕ್ಕದಲ್ಲಿಡಿ, ನೀಲಿಯ ಜಾಗವನ್ನು ಖಾಲಿ ಬಿಡಿ.

ಆ ಖಾಲಿ ಜಾಗವನ್ನು ಬೇಲಿಯ ಶಂಖಪುಷ್ಪ ತುಂಬುತ್ತದೆ. ಹತ್ತು ನೀಲಿ ಹೂಗಳ ದಳಗಳನ್ನು ಕಾಲು ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಶುದ್ಧ ನೀಲಿ ಸಿಗುತ್ತದೆ. ಇದಕ್ಕೆ ಅರಿಶಿನ ನೀರನ್ನು ಹನಿಹನಿಯಾಗಿ ಬೆರೆಸಿದರೆ ಮಗುವಿನ ಕಣ್ಣೆದುರೇ ಹಸಿರು ಹುಟ್ಟುತ್ತದೆ. ಆಗ ಪಾಲಕ್ ರಸವನ್ನು ಪಕ್ಕಕ್ಕೆ ತಂದು ಹೋಲಿಸಿ ನೋಡಲು ಹೇಳಿ. ಬೀಟ್‌ರೂಟ್ ರಸ ಬೆರೆಸಿದರೆ ನೇರಳೆ ಬರುತ್ತದೆ.

ನೀಲಿಗೆ ನೇರಳೆ ಎಲೆಕೋಸಿನ ರಸಕ್ಕೆ ಅಡುಗೆ ಸೋಡಾ ಹಾಕುವ ಕ್ರಮವೂ ಇದೆ. ನೀಲಿಯೇನೋ ಬರುತ್ತದೆ. ಆದರೆ ಸೋಡಾ ಸ್ವಲ್ಪ ಹೆಚ್ಚಾದರೂ ಅದಕ್ಕೆ ಅರಿಶಿನ ಬೆರೆಸಿದಾಗ ಹಸಿರು ಬರುವುದಿಲ್ಲ, ಕೆಂಪು ಕಂದು ಬರುತ್ತದೆ. ಸೋಡಾ ಅರಿಶಿನವನ್ನೇ ಬದಲಾಯಿಸಿಬಿಡುತ್ತದೆ.

ನನ್ನ ಮಗಳ ಅಂಗೈಯಲ್ಲಿ ಆದದ್ದೂ ಇದೇ. ಸಾಬೂನು, ಸೋಡಾ, ಸುಣ್ಣ ಇವೆಲ್ಲ ಕ್ಷಾರಗಳು. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಲಿಂಬೆ ರಸ ತಾಗಿದರೆ ಮರಳಿ ಹಳದಿಯಾಗುತ್ತದೆ. ಮರುದಿನ ಅವಳಿಗೆ ಅರಿಶಿನ ಬಳಿದ ಕಾಗದದ ಮೇಲೆ ಸಾಬೂನು ನೀರಿನಿಂದ ಗೆರೆ ಎಳೆಯಲು ಕೊಟ್ಟೆ. ಕೆಂಪು ಹೂವು ಅರಳಿದ್ದು ಕಂಡು ಹೆದರಿಕೆ ಹೋಯಿತು. ಸುಣ್ಣದಿಂದ ಇದನ್ನು ತೋರಿಸಲು ಹೋಗಬೇಡಿ. ಕಣ್ಣಿಗೆ ಬಿದ್ದರೆ ಸುಣ್ಣ ತೀವ್ರವಾಗಿ ಸುಡುತ್ತದೆ.

ಅರಿಶಿನ ಯಾವುದು?

ಅಡುಗೆಮನೆಯ ವಸ್ತು ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬಾರದು. ಅರಿಶಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ರಾಸಾಯನಿಕ ಬೆರೆಸುವ ಕಲಬೆರಕೆ ನಮ್ಮ ಉಪಖಂಡದಲ್ಲಿ ಕಂಡುಬಂದಿದೆ. ಬಾಂಗ್ಲಾದೇಶದಲ್ಲಿ ಇದು 2019ರಲ್ಲಿ ಬೆಳಕಿಗೆ ಬಂದು, ಅಲ್ಲಿನ ಸರಕಾರ ಮಾರುಕಟ್ಟೆಗಳ ಮೇಲೆ ಕ್ರಮ ಕೈಗೊಂಡಿತು. ಅದರಲ್ಲಿರುವ ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರ ಮನೆಯವರಿಗಾಗಿ ಹೇಳಿರುವ ಸರಳ ಪರೀಕ್ಷೆಯೊಂದಿದೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಬಿಡಿ. ಶುದ್ಧ ಅರಿಶಿನ ತಳಕ್ಕಿಳಿಯುವಾಗ ನೀರು ತಿಳಿ ಹಳದಿಯಾಗುತ್ತದೆ. ಕೃತಕ ಬಣ್ಣ ಬೆರೆತಿದ್ದರೆ ನೀರು ಗಾಢ ಹಳದಿಯಾಗುತ್ತದೆ. ಆದರೆ ಸ್ವಲ್ಪವೇ ಸೀಸ ಇದ್ದರೆ ಈ ಪರೀಕ್ಷೆ ಅದನ್ನು ಹಿಡಿಯಲಾರದು. ಅದಕ್ಕಾಗಿ ಮಕ್ಕಳ ಬಣ್ಣಕ್ಕೆ ನಾನು ಹಿತ್ತಿಲಿನ ಹಸಿ ಅರಿಶಿನವನ್ನೇ ಬಳಸುತ್ತೇನೆ. ಹೆಬ್ಬೆರಳಿನಷ್ಟು ತುಂಡನ್ನು ತುರಿದು ಬಿಸಿನೀರಿಗೆ ಹಾಕಿದರೆ ಆಯಿತು. ಹಸಿ ಅರಿಶಿನ ಸಿಗದಿದ್ದರೆ ಪ್ರಾಧಿಕಾರದ ಪರವಾನಗಿ ಸಂಖ್ಯೆ ಇರುವ ಮುಚ್ಚಿದ ಪೊಟ್ಟಣ ತನ್ನಿ. ಬಿಡಿಯಾಗಿ ತೂಗಿ ಕೊಡುವ, ಕಣ್ಣು ಕುಕ್ಕುವ ಹಳದಿ ಪುಡಿಯನ್ನು ಬಿಡಿ.

ಬೀಟ್‌ರೂಟಿನದು ಇನ್ನೊಂದು ಬಗೆಯ ಗಾಬರಿ. ಆಟದ ನಡುವೆ ಮಗು ತುರಿಯನ್ನು ತಿಂದರೆ, ಕೆಲವರಿಗೆ ಆ ದಿನವೋ ಮರುದಿನವೋ ಮೂತ್ರ ಅಥವಾ ಮಲ ಕೆಂಪಾಗಿ ಹೋಗುತ್ತದೆ. ತಿಂದದ್ದು ಗೊತ್ತಿದ್ದರೆ ಹೆದರಬೇಕಿಲ್ಲ, ಒಂದೆರಡು ದಿನದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ, ಅಥವಾ ಬೀಟ್‌ರೂಟ್ ತಿಂದೇ ಇಲ್ಲವಾದರೆ, ವೈದ್ಯರಿಗೆ ತೋರಿಸಿ.

ಆಟ ಮುಗಿದ ಮೇಲೆ

ಈ ಬಣ್ಣಗಳಲ್ಲಿ ಕೆಡದಂತೆ ತಡೆಯುವ ವಸ್ತು ಏನೂ ಇಲ್ಲ. ನಮ್ಮ ಸೆಕೆಯಲ್ಲಿ ಪಾಲಕ್ ಮತ್ತು ಬೀಟ್‌ರೂಟ್ ರಸ ಹೊರಗಿಟ್ಟರೆ ಸಂಜೆಯೊಳಗೆ ಹುಳಿ ವಾಸನೆ ಹಿಡಿಯುತ್ತದೆ. ಮಕ್ಕಳು ಕೈ ಅದ್ದಿದ್ದನ್ನು ಅಂದೇ ಚೆಲ್ಲಿ. ಮುಟ್ಟದೆ ಉಳಿದದ್ದು ಫ್ರಿಜ್ಜಿನಲ್ಲಿ ಒಂದು ದಿನ ಇರಬಹುದು. ಹಿಂಡಿದ ತುರಿಯನ್ನು ಆಟಕ್ಕೆ ಮುಂಚೆಯೇ ತೆಗೆದಿಟ್ಟರೆ ಚಪಾತಿ ಹಿಟ್ಟಿಗೆ ಸೇರಿಸಬಹುದು, ಏನೂ ಹಾಳಾಗುವುದಿಲ್ಲ.

ಬಟ್ಟೆಗೆ ಬೀಟ್‌ರೂಟ್ ತಾಗಿದರೆ ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. ಅರಿಶಿನದ ಕಲೆ ಸಾಬೂನಿಗೆ ಕೆಂಪಾದರೆ ಉಜ್ಜಿ ಉಜ್ಜಿ ಬಟ್ಟೆ ಹರಿಯಬೇಡಿ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಕುರ್ಕುಮಿನ್ ಬೆಳಕಿಗೆ ನಿಲ್ಲುವುದಿಲ್ಲ. ಒಂದೆರಡು ಬಿಸಿಲಿಗೆ ಕಲೆ ಬಹುಮಟ್ಟಿಗೆ ಮಾಸುತ್ತದೆ. ಇದೇ ಕಾರಣಕ್ಕೆ ಗೋಡೆಗೆ ಅಂಟಿಸಿದ ಮಕ್ಕಳ ಚಿತ್ರವೂ ಕೆಲವು ವಾರಗಳಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಉಳಿಸಿಕೊಳ್ಳಬೇಕಾದರೆ ಪುಸ್ತಕದೊಳಗೆ ಇಡಿ.

ಕೈಯ ಬಣ್ಣದಿಂದ ವುಝೂಗೆ ಅಡ್ಡಿಯಾಗುತ್ತದೆಯೇ ಎಂದು ನನ್ನ ಅತ್ತಿಗೆ ಕೇಳಿದ್ದರು. ಮದರಂಗಿಯ ಹಾಗೆ ಬರೀ ಬಣ್ಣ ಚರ್ಮದಲ್ಲಿ ಉಳಿದರೆ ನೀರು ತಾಗಲು ಅದು ತಡೆಯಲ್ಲ. ಆದರೆ ಬಣ್ಣ ದಪ್ಪವಾಗಲೆಂದು ಮೈದಾ ಅಥವಾ ಜೋಳದ ಹಿಟ್ಟು ಕಲಸಿದ್ದರೆ ಅದು ಉಗುರಿನ ಸುತ್ತ ಒಣಗಿ ಪದರವಾಗಿ ಕೂರುತ್ತದೆ. ಅದನ್ನು ಪೂರ್ತಿ ತೆಗೆಯಬೇಕು. ಆರೋಗ್ಯದ ದೃಷ್ಟಿಯಿಂದಲೂ ಉಗುರಿನೊಳಗೆ ಉಳಿದ ಹಿಟ್ಟು ಒಳ್ಳೆಯದಲ್ಲ. ನಾನು ಹಿಟ್ಟು ಹಾಕುವುದನ್ನೇ ಬಿಟ್ಟಿದ್ದೇನೆ. ಆಟಕ್ಕೆ ಮುಂಚೆ ಮಕ್ಕಳ ಬೆರಳಿಗೂ ಉಗುರಿನ ಸುತ್ತಲೂ ಸ್ವಲ್ಪ ತೆಂಗಿನೆಣ್ಣೆ ಸವರುತ್ತೇನೆ, ಬಣ್ಣ ಆಳಕ್ಕೆ ಹಿಡಿಯುವುದಿಲ್ಲ. ವುಝೂಗೆ ಮುಂಚೆ ಸಾಬೂನಿನಿಂದ ಎಣ್ಣೆಯ ಜಿಡ್ಡು ತೆಗೆದರೆ ಸಾಕು.

ಕಳೆದ ವಾರ ಮಗಳು ಕೈತೊಳೆಯಲು ಹೋಗುವ ಮೊದಲು ತಾನಾಗಿಯೇ ಅಜ್ಜಿಯನ್ನು ಕರೆದಳು. "ನೋಡಿ, ಈಗ ಕೆಂಪಾಗ್ತದೆ, ಹೆದರಬೇಡಿ" ಎಂದು ಹೇಳಿ ಸಾಬೂನು ಹಚ್ಚಿಕೊಂಡಳು.