ಎರಡು ಸಲ ಎಣಿಸಿದ ಆರ್ಡರು

2016ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನ ಒಂದು ಲೆಕ್ಕದ ತಪ್ಪು ಸುದ್ದಿಯಾಯಿತು. ಜನ ವಿಡಿಯೊವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಎಂದು ಜಾಹೀರಾತುದಾರರಿಗೆ ತಿಳಿಸುವಾಗ, ಮೂರು ಸೆಕೆಂಡು ಕೂಡ ನಿಲ್ಲದೆ ಮುಂದೆ ಹೋದವರನ್ನು ಅದು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ಸರಾಸರಿ ಶೇ 60ರಿಂದ 80ರಷ್ಟು ಉಬ್ಬಿರಬಹುದು ಎಂದು ಪಬ್ಲಿಸಿಸ್ ಎಂಬ ಜಾಹೀರಾತು ಸಂಸ್ಥೆ ತನ್ನ ಗ್ರಾಹಕರಿಗೆ ಬರೆದು ತಿಳಿಸಿತು. ಜಾಹೀರಾತುದಾರರು ಹೂಡಿದ ದಾವೆಯನ್ನು ಫೇಸ್‌ಬುಕ್ 2019ರಲ್ಲಿ 4 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು.

ಇಂಥ ಪತ್ರ ಬರೆಯಬೇಕಾದ ಸಂದರ್ಭ ಸಣ್ಣ ಏಜೆನ್ಸಿಗಳಿಗೂ ಬರುತ್ತದೆ. ಇಳಕಲ್ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಏಪ್ರಿಲ್‌ನಿಂದ ಜೂನ್‌ವರೆಗೆ ಅದು ಜಾಹೀರಾತಿಗೆ 6 ಲಕ್ಷ ರೂಪಾಯಿ ಖರ್ಚು ಮಾಡಿದೆ. ಜಾಹೀರಾತಿನಿಂದ 1,200 ಆರ್ಡರು, 24 ಲಕ್ಷ ರೂಪಾಯಿ ವ್ಯಾಪಾರ ಆಯಿತೆಂದು ಏಜೆನ್ಸಿಯ ವರದಿ ಹೇಳಿದೆ. ಆದರೆ ಅಂಗಡಿಯ ಬಿಲ್ಲಿನ ಪುಸ್ತಕದಲ್ಲಿ ಆ ಮೂರು ತಿಂಗಳ ಒಟ್ಟು ಆನ್‌ಲೈನ್ ಆರ್ಡರುಗಳೇ 950. ಜಾಹೀರಾತಿನಿಂದ ಬಂದದ್ದು ಒಟ್ಟಿಗಿಂತ ಹೆಚ್ಚಾಗುವುದು ಸಾಧ್ಯವಿಲ್ಲ. ಏಜೆನ್ಸಿ ಜಾಹೀರಾತಿನ ಪರದೆಯನ್ನಷ್ಟೇ ನೋಡಿತು, ಅಂಗಡಿ ಬಿಲ್ಲುಗಳನ್ನಷ್ಟೇ ನೋಡಿತು. ಎರಡನ್ನೂ ಅಕ್ಕಪಕ್ಕ ಇಟ್ಟದ್ದು ಜುಲೈನಲ್ಲಿ. ಇಂಥ ತಪ್ಪು ತಡವಾಗಿ ಸಿಗುವುದು ಹೀಗೆಯೇ.

ಕಾರಣ ಸರಳವಾದದ್ದು. ಗ್ರಾಹಕರು ಸೀರೆ ಕೊಂಡಾಗ ಆ ಸುದ್ದಿ ಜಾಹೀರಾತು ಕಂಪನಿಗೆ ಎರಡು ದಾರಿಯಲ್ಲಿ ಹೋಗುತ್ತದೆ: ಒಂದು, ಗ್ರಾಹಕರ ಮೊಬೈಲಿನ ಬ್ರೌಸರಿನಿಂದ. ಇನ್ನೊಂದು, ಅಂಗಡಿಯ ಸರ್ವರಿನಿಂದ. ಎರಡರಲ್ಲೂ ಒಂದೇ `event_id` ಇದ್ದರೆ ಕಂಪನಿ ಅದನ್ನು ಒಂದೇ ಖರೀದಿ ಎಂದು ಎಣಿಸುತ್ತದೆ. ಮಾರ್ಚ್ ಕೊನೆಯಲ್ಲಿ ವೆಬ್‌ಸೈಟ್ ಬದಲಿಸಿದಾಗ ಈ ಗುರುತು ಬೇರೆಬೇರೆಯಾಯಿತು. 560 ಆರ್ಡರುಗಳು ಎರಡೆರಡು ಸಲ ಲೆಕ್ಕಕ್ಕೆ ಬಂದವು. ಒಂದೇ ದಾರಿಯಲ್ಲಿ ಸುದ್ದಿ ತಲುಪಿದ 80 ಮಾತ್ರ ಸರಿಯಾಗಿ ಎಣಿಕೆಯಾದವು. ನಿಜವಾದ ಸಂಖ್ಯೆ 640. ಹಾಗಾಗಿ ವರದಿಯನ್ನು ಸುಮ್ಮನೆ ಅರ್ಧ ಮಾಡಿದರೆ ಅದೂ ತಪ್ಪೇ. ಆರ್ಡರ್ ಸಂಖ್ಯೆಗಳನ್ನು ಒಂದೊಂದಾಗಿ ಬಿಲ್ಲಿನೊಂದಿಗೆ ತಾಳೆ ನೋಡಲೇಬೇಕು.

ಇನ್ನು ಪತ್ರ. ಅದರ ಮೊದಲ ಸಾಲಿನಲ್ಲೇ ತಪ್ಪು ಇರಬೇಕು: ‘ಮಾನ್ಯರೇ, ಏಪ್ರಿಲ್, ಮೇ, ಜೂನ್ ತಿಂಗಳ ನಮ್ಮ ವರದಿಗಳಲ್ಲಿ ಆರ್ಡರುಗಳ ಸಂಖ್ಯೆ ತಪ್ಪಾಗಿದೆ. ನಾವು 1,200 ಎಂದಿದ್ದೆವು, ಸರಿಯಾದದ್ದು 640.’ ‘ತಾಂತ್ರಿಕ ವ್ಯತ್ಯಾಸ’ದಂಥ ಮಾತುಗಳ ಹಿಂದೆ ಅಡಗಿದರೆ ಓದುವವರಿಗೆ ಅನುಮಾನ ಬರುತ್ತದೆ. ಯಾವುದು ಬದಲಾಗಿಲ್ಲ ಎಂಬುದನ್ನೂ ಹೇಳಬೇಕು: ಖರ್ಚಾದ 6 ಲಕ್ಷ ಸರಿ, ಅಂಗಡಿಯ ಬಿಲ್ಲುಗಳು ಸರಿ, ಜಾಹೀರಾತಿಗೆ ಕೊಟ್ಟ ಶ್ರೇಯಸ್ಸು ಮಾತ್ರ ತಪ್ಪು. ಆಮೇಲೆ ಹಳೆಯ ಮತ್ತು ಹೊಸ ಅಂಕಿಗಳು ತಿಂಗಳುವಾರು ಎದುರೆದುರು ಬರಬೇಕು.

ಅಲ್ಲಿಗೇ ನಿಲ್ಲಿಸುವ ಪತ್ರ ಅರ್ಧ ಪತ್ರ. ಆ ಅಂಕಿಯನ್ನು ನಂಬಿ ಅಂಗಡಿಯವರು ಏನು ನಿರ್ಧರಿಸಿದರು ಎಂಬುದೇ ಮುಖ್ಯ. ಸೀರೆಗೆ ಸರಾಸರಿ 2,000 ರೂಪಾಯಿ ಬೆಲೆ, ಜಾಹೀರಾತಿನ ಖರ್ಚು ಬಿಟ್ಟು 800 ರೂಪಾಯಿ ಲಾಭ ಎನ್ನೋಣ. ಹಳೆಯ ವರದಿಯಂತೆ ಒಂದು ಆರ್ಡರಿಗೆ ಜಾಹೀರಾತಿನ ಖರ್ಚು 500, ಉಳಿಯುವುದು 300. ನಿಜದಲ್ಲಿ ಖರ್ಚು ಸುಮಾರು 938. ಅಂದರೆ ಪ್ರತಿ ಆರ್ಡರಿಗೂ 138 ರೂಪಾಯಿ ನಷ್ಟ. ಲಾಭವಿದೆ ಎಂದು ನಂಬಿ ಅಂಗಡಿಯವರು ಜೂನ್‌ನಲ್ಲಿ ಜಾಹೀರಾತನ್ನು ಒಂದೂವರೆ ಲಕ್ಷದಿಂದ ಮೂರು ಲಕ್ಷಕ್ಕೆ ಏರಿಸಿದ್ದರು. ಆ ಏರಿಕೆ ಏಜೆನ್ಸಿಯ ವರದಿಯಿಂದಲೇ ಆದದ್ದು ಎಂದು ಪತ್ರ ಒಪ್ಪಿಕೊಳ್ಳಬೇಕು. ಹೆಚ್ಚುವರಿ ಒಂದೂವರೆ ಲಕ್ಷದ ಮೇಲೆ ಶೇ 10ರಂತೆ ಪಡೆದ 15,000 ರೂಪಾಯಿ ಶುಲ್ಕವನ್ನು ಹಿಂದಿರುಗಿಸಬೇಕು.

ಮುಂದಿನ ಕಾವಲು ಈ ತಪ್ಪನ್ನೇ ಹಿಡಿಯುವಂತಿರಬೇಕು. ವೆಬ್‌ಸೈಟಿನಲ್ಲಿ ಏನೇ ಬದಲಾದರೂ ಅಂದೇ ಒಂದು ಪರೀಕ್ಷಾ ಆರ್ಡರು ಹಾಕಿ, ಅದು ಒಂದೇ ಸಲ ಎಣಿಕೆಯಾಯಿತೇ ಎಂದು ನೋಡುವುದು. ಪ್ರತಿ ತಿಂಗಳು ವರದಿ ಕಳಿಸುವ ಮೊದಲು, ವರದಿ ತಯಾರಿಸದ ಇನ್ನೊಬ್ಬರು ಆರ್ಡರ್ ಸಂಖ್ಯೆಗಳನ್ನು ಬಿಲ್ಲಿನೊಂದಿಗೆ ತಾಳೆ ಮಾಡಿ ಸಹಿ ಹಾಕುವುದು. ಹಳೆಯ ವರದಿಗಳನ್ನು ಅಳಿಸದೆ ‘ತಿದ್ದಲಾಗಿದೆ’ ಎಂದು ಗುರುತಿಸಿ ಇಡುವುದು. ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ: ಜಾಹೀರಾತು ನೋಡಿ ಕೊಂಡವರು ಅದಿಲ್ಲದಿದ್ದರೂ ಕೊಳ್ಳುತ್ತಿದ್ದರೇ ಎಂಬುದನ್ನು ಈ ಎಣಿಕೆ ಹೇಳಲಾರದು. ಪತ್ರದಲ್ಲಿ ಅದನ್ನೂ ಬರೆದರೆ 640 ಎಂಬ ಸಂಖ್ಯೆಯ ಮೇಲೆ ಅತಿ ಭರವಸೆ ಬೆಳೆಯುವುದಿಲ್ಲ.

ತಪ್ಪು ಗೊತ್ತಾದ ದಿನಾಂಕವನ್ನೂ ಪತ್ರ ಮುಚ್ಚಿಡಬಾರದು. ಸರಿಯಾದ ಅಂಕಿ ಸಿದ್ಧವಾಗಲು ವಾರ ಹಿಡಿಯಬಹುದು. ಆದರೆ ‘ವರದಿಯಲ್ಲಿ ತಪ್ಪಿದೆ, ಸದ್ಯಕ್ಕೆ ಖರ್ಚು ಏರಿಸಬೇಡಿ’ ಎಂಬ ಎರಡು ಸಾಲು ಅದೇ ದಿನ ಹೋಗಬೇಕು. ಆ ವಾರದಲ್ಲಿ ಅಂಗಡಿಯವರು ಕಳೆದುಕೊಳ್ಳುವ ಹಣವನ್ನು ಆಮೇಲೆ ಬರುವ ಯಾವ ಪತ್ರವೂ ಉಳಿಸಿಕೊಡಲಾರದು.