ಅಮಾವಾಸ್ಯೆಯ ಕ್ಷಣ: ತಾರೀಖು ತಪ್ಪಿದ ಒಂದು ಅಭ್ಯಾಸ ಪಾಠ

ಬಂಟ್ವಾಳ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಪಾಠ ಮಾಡುವಾಗ ನಾನು ಹಲಗೆಯ ಮೇಲೆ ತಪ್ಪು ಉತ್ತರ ಬರೆದೆ. ಮಕ್ಕಳು ಪಂಚಾಂಗ ನೋಡಿ ಅದೇ ಸರಿ ಎಂದರು. ನಾನೂ ಒಪ್ಪಿದೆ.

ಖಗೋಳ ಆಲ್ಮನಾಕ್‌ನ ಚಂದ್ರನ ಹಂತಗಳ ಕೋಷ್ಟಕದಿಂದ 2025ರ ಸೆಪ್ಟೆಂಬರ್ ತಿಂಗಳನ್ನು ಆರಿಸಿಕೊಂಡಿದ್ದೆ. ಹುಣ್ಣಿಮೆ 7ರಂದು 18:09, ಅಮಾವಾಸ್ಯೆ 21ರಂದು 19:54. ಕೋಷ್ಟಕದ ತಲೆಬರಹದಲ್ಲಿ ಇದು ಯು.ಟಿ., ಅಂದರೆ ವಿಶ್ವ ಕಾಲ ಎಂದಿರುತ್ತದೆ. ಮೊದಲು ಓದಬೇಕಾದದ್ದು ಅದನ್ನೇ. ಭೂಕೇಂದ್ರದಿಂದ ಅಳೆದ ಸೂರ್ಯ ಚಂದ್ರರ ರೇಖಾಂಶಗಳ ಅಂತರ ಸೊನ್ನೆಯಾದ ಕ್ಷಣ ಅಮಾವಾಸ್ಯೆ, 180 ಡಿಗ್ರಿಯಾದ ಕ್ಷಣ ಹುಣ್ಣಿಮೆ. ಹಾಗಾಗಿ ಆ ಕ್ಷಣ ಇಡೀ ಜಗತ್ತಿಗೆ ಒಂದೇ. ಗಡಿಯಾರಗಳು ಮಾತ್ರ ಬೇರೆ. ನಮ್ಮ ಗಡಿಯಾರಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು.

ಹುಣ್ಣಿಮೆ 7ರ ರಾತ್ರಿ 11:39ಕ್ಕೆ ಬಂತು. ಆ ರಾತ್ರಿಯ ಪೂರ್ಣ ಚಂದ್ರಗ್ರಹಣದ ನಡುಗಾಲ 11:41 ಆಗಿದ್ದರಿಂದ ಮಕ್ಕಳಿಗೆ ನಂಬಿಕೆ ಬಂತು. ಅಮಾವಾಸ್ಯೆಗೆ ಕೂಡಿಸಿದರೆ 25:24. ಅದರಲ್ಲಿ 24 ಕಳೆದು 1:24 ಎಂದು ಬರೆದೆ, ತಾರೀಖನ್ನು ಮುಂದೂಡಲು ಮರೆತೆ. ಸರಿಯಾದ ಉತ್ತರ 22ರ ನಸುಕಿನ 1:24. ಪಂಚಾಂಗದಲ್ಲಿ ಮಹಾಲಯ ಅಮಾವಾಸ್ಯೆ 21 ಎಂದೇ ಇತ್ತು. ಪಂಚಾಂಗ ದಿನಕ್ಕೆ ಹೆಸರಿಡುವುದು ಸಾಮಾನ್ಯವಾಗಿ ಸೂರ್ಯೋದಯದಲ್ಲಿರುವ ತಿಥಿಯಿಂದ. ಅಮಾವಾಸ್ಯೆ ತಿಥಿ ಮುಗಿಯುವ ಕ್ಷಣವೇ ಆಲ್ಮನಾಕ್‌ನ ಅಮಾವಾಸ್ಯೆ. 21ರ ಬೆಳಿಗ್ಗೆ ತಿಥಿ ಇತ್ತು, 22ರ ಸೂರ್ಯೋದಯಕ್ಕೆ ಮುಗಿದಿತ್ತು. ಅಂದೇ ನವರಾತ್ರಿ ಆರಂಭ. ನನ್ನ ತಪ್ಪು ಪಂಚಾಂಗದೊಂದಿಗೆ ತಾಳೆಯಾದದ್ದು ಆಕಸ್ಮಿಕ.

ತಪ್ಪು ಗೊತ್ತಾದದ್ದು ಸಂಜೆ, ಅಂತರ ಲೆಕ್ಕ ಹಾಕಿದಾಗ. ಹುಣ್ಣಿಮೆಯಿಂದ ಅಮಾವಾಸ್ಯೆಗೆ ಸುಮಾರು 13.9ರಿಂದ 15.6 ದಿನ ಇರಬೇಕು. ನನ್ನ ಉತ್ತರದಲ್ಲಿ 13 ದಿನ ಒಂದೂಮುಕ್ಕಾಲು ಗಂಟೆ ಮಾತ್ರ ಇತ್ತು. ವಿಶ್ವ ಕಾಲದಲ್ಲೇ ಕಳೆದು ನೋಡಿದರೆ 14 ದಿನ ಒಂದೂಮುಕ್ಕಾಲು ಗಂಟೆ. ಗಡಿಯಾರ ಬದಲಿಸಿದರೆ ಅಂತರ ಬದಲಾಗದು.

ಮರುಪಾಠದಲ್ಲಿ ತಿದ್ದಿದಾಗ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ನಾವು ಬೆಳ್ತಂಗಡಿಯವರು, ನಮಗೆ ಬೇರೆ ಹೊತ್ತಾ?" ಪ್ರಶ್ನೆ ಚೆನ್ನಾಗಿತ್ತು. ಭಾರತೀಯ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು; ಬಂಟ್ವಾಳ ಇರುವುದು ಸುಮಾರು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ನಿಜವಾದ ಸ್ಥಳೀಯ ಸರಾಸರಿ ಕಾಲ ಅರ್ಧ ಗಂಟೆ ಹಿಂದೆ. ಮೂಡುಬಿದಿರೆಗೂ ಬೆಳ್ತಂಗಡಿಗೂ ಒಂದು ನಿಮಿಷದ ಆಸುಪಾಸಿನ ವ್ಯತ್ಯಾಸ. ಆದರೆ ಕೈಗಡಿಯಾರದ ಉತ್ತರಕ್ಕೆ ಇದನ್ನು ಕಳೆಯಬಾರದು, ಮೂರೂ ಊರಿಗೆ 1:24 ಒಂದೇ. ಚಂದ್ರೋದಯಕ್ಕಾದರೆ ಊರಿನ ರೇಖಾಂಶ ಬೇಕು.

ಈಗ ಮಕ್ಕಳು ಕೂಡಿಸುವ ಮೊದಲೇ ಕೋಷ್ಟಕದಲ್ಲಿ 18:30 ಅಥವಾ ಅದಕ್ಕಿಂತ ಹೆಚ್ಚಿರುವ ಸಮಯಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಮರುದಿನದ ತಾರೀಖು ಬರೆಯುತ್ತಾರೆ.